ಹೊಸ ವೈದ್ಯರ ಮೊದಲ ಭೇಟಿಗೆ ಮಾತ್ರೆಗಳ ಪಟ್ಟಿ: ನೀವು ಹೇಗೆ ಬರೆದುಕೊಂಡು ಹೋದಿರಿ?

ಸವಿತಾ, ವಿಜಯನಗರ

ಅಮ್ಮನಿಗೆ 71 ವರ್ಷ. ಹಾಸನದಿಂದ ಬಂದು ಈಗ ನಮ್ಮ ಜೊತೆಯಲ್ಲೇ ಇದ್ದಾರೆ. ಮುಂದಿನ ವಾರ ಜಯನಗರದಲ್ಲಿ ಹೊಸ ವೈದ್ಯರನ್ನು ಮೊದಲ ಸಲ ನೋಡಲಿದ್ದೇವೆ. ಹಳೆಯ ಚೀಟಿಗಳಲ್ಲಿ ಅರ್ಧ ಸಿಗುತ್ತಿಲ್ಲ. ಡಬ್ಬಿಯಲ್ಲಿರುವ ಮಾತ್ರೆಗಳ ಫೋಟೋ ತೆಗೆದಿಟ್ಟುಕೊಂಡಿದ್ದೇನೆ. ಅದನ್ನು ನೋಡಿ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆಯಬೇಕೆಂದಿದ್ದೇನೆ. ಮಾಡಿ ಗೊತ್ತಿರುವವರು ಹೇಳಿ.

ರಾಘವೇಂದ್ರ, ರಾಜಾಜಿನಗರ

ಸುಲಭ ಮೇಡಂ. ದಪ್ಪ ಅಕ್ಷರದ ಹೆಸರು, ಅದರ ಪಕ್ಕದಲ್ಲಿರುವ ಅಂಕಿ, ಮುಂದೆ 1-0-1 ಎಂದು ಬರೆದರೆ ಸಾಕು. ನಮ್ಮ ತಂದೆಯವರಿಗೆ ನಾನು ಹೀಗೆಯೇ ಬರೆದುಕೊಡುತ್ತೇನೆ. ವೈದ್ಯರು ಒಂದು ನೋಟದಲ್ಲಿ ಓದಿಬಿಡುತ್ತಾರೆ.

ಶೈಲಜಾ, ಮಲ್ಲೇಶ್ವರ

ನಾನು ಔಷಧ ಅಂಗಡಿಯಲ್ಲಿ ಬಹಳ ವರ್ಷ ಫಾರ್ಮಸಿಸ್ಟ್ ಆಗಿದ್ದವಳು. ರಾಘವೇಂದ್ರ ಅವರೇ, ಒಂದೇ ಔಷಧವಿರುವ ಮಾತ್ರೆಗೆ ನಿಮ್ಮ ಕ್ರಮ ಸರಿ. ಎರಡು ಮೂರು ಔಷಧ ಸೇರಿದ ಮಾತ್ರೆಗೆ ಅದು ಸಾಲದು. ಹೆಸರಿನ ಪಕ್ಕದ ಅಂಕಿ ಅವುಗಳಲ್ಲಿ ಒಂದರದ್ದು ಮಾತ್ರ ಆಗಿರಬಹುದು.

ಸವಿತಾ, ಸ್ಟ್ರಿಪ್‌ನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ 'ಪ್ರತಿ ಮಾತ್ರೆಯಲ್ಲಿ ಇರುವುದು' ಎಂಬ ಅರ್ಥದ ಇಂಗ್ಲಿಷ್ ಸಾಲು ಇರುತ್ತದೆ. ಫೋಟೋದಲ್ಲಿ ಓದಲು ಬರಬೇಕಾದದ್ದು ಆ ಸಾಲು. ಫ್ಲ್ಯಾಶ್ ಹಾಕಿದರೆ ಬೆಳ್ಳಿ ಹಾಳೆ ಮಿಂಚಿ ಅಕ್ಷರ ಅಳಿಸಿಹೋದಂತೆ ಕಾಣುತ್ತದೆ. ಕಿಟಕಿಯ ಬಳಿ, ಸ್ಟ್ರಿಪ್ಪನ್ನು ಸ್ವಲ್ಪ ಓರೆಯಾಗಿಟ್ಟು, ಒಂದೊಂದನ್ನೇ ತೆಗೆಯಿರಿ. ಅಂಗಡಿಯಲ್ಲಿ ಐದು ಮಾತ್ರೆ ಕತ್ತರಿಸಿ ಕೊಟ್ಟಿದ್ದರೆ ಆ ಸಾಲು ಉಳಿದ ತುಂಡಿಗೇ ಹೋಗಿರಬಹುದು. ಆಗ ಬಣ್ಣ ನೋಡಿ ಊಹಿಸಬೇಡಿ. ಬಿಲ್ಲಿನಲ್ಲಿ ಹುಡುಕಿ, ಇಲ್ಲವೇ ಹಾಸನದ ಅಂಗಡಿಗೆ ಫೋನ್ ಮಾಡಿ ಕೇಳಿ.

ಈ ಸಾಲು ಏಕೆ ಬೇಕೆಂದು ನಾನು ಕಂಡ ಒಂದು ಸಂಗತಿಯಿಂದ ಹೇಳುತ್ತೇನೆ. ನಮ್ಮ ಅಂಗಡಿಗೆ ಬರುತ್ತಿದ್ದ ಹಿರಿಯರೊಬ್ಬರಿಗೆ ಬಿ.ಪಿ.ಗೆ ಎರಡು ಬೇರೆ ಹೆಸರಿನ ಮಾತ್ರೆಗಳಿದ್ದವು. ಕೊಟ್ಟವರು ಇಬ್ಬರು ಬೇರೆ ಬೇರೆ ವೈದ್ಯರು. ಎರಡನ್ನೂ ಬೆಳಿಗ್ಗೆ ನುಂಗುತ್ತಿದ್ದರು. ಹಾಸಿಗೆಯಿಂದ ಏಳುವಾಗ ತಲೆ ಸುತ್ತುತ್ತಿತ್ತು, ವಯಸ್ಸಾಯಿತು ಎಂದು ಸುಮ್ಮನಿದ್ದರು. ಹೊಸ ವೈದ್ಯರಿಗೆಂದು ಮಗಳು ಪಟ್ಟಿ ಬರೆಯಲು ಕುಳಿತಾಗ ಹಿಂಬದಿಯ ಸಾಲು ನೋಡಿದೆವು. ಒಂದರಲ್ಲಿ ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ಇನ್ನೊಂದರಲ್ಲಿ ಟೆಲ್ಮಿಸಾರ್ಟನ್ 40 ಮಿ.ಗ್ರಾಂ ಜೊತೆಗೆ ಆಮ್ಲೊಡಿಪಿನ್ 5 ಮಿ.ಗ್ರಾಂ. ಹಾಳೆಯಲ್ಲಿ ಹೀಗೆ ಬರೆಸಿದೆ:

"ಟೆಲ್ಮಿಸಾರ್ಟನ್ 40 – ಬೆಳಿಗ್ಗೆ 1, ತಿಂಡಿಯ ನಂತರ – ಬಿ.ಪಿ. – ಹೃದಯದ ವೈದ್ಯರು ಕೊಟ್ಟದ್ದು.
ಟೆಲ್ಮಿಸಾರ್ಟನ್ 40 + ಆಮ್ಲೊಡಿಪಿನ್ 5 – ಬೆಳಿಗ್ಗೆ 1, ತಿಂಡಿಯ ನಂತರ – ಬಿ.ಪಿ. – ಮನೆಯ ಹತ್ತಿರದ ವೈದ್ಯರು ಕೊಟ್ಟದ್ದು.
ಎರಡನ್ನೂ ತೆಗೆದುಕೊಳ್ಳುತ್ತಿದ್ದಾರೆ. ಎದ್ದು ನಿಂತಾಗ ತಲೆ ಸುತ್ತುತ್ತದೆ."

ದಿನಕ್ಕೆ ಟೆಲ್ಮಿಸಾರ್ಟನ್ 80 ಕೊಡುವುದೂ ಉಂಟು. ಆದ್ದರಿಂದ ಇದು ಬೇಕೆಂದೇ ಕೊಟ್ಟದ್ದೋ, ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯದೆ ಸೇರಿಕೊಂಡದ್ದೋ ಎಂದು ನಾನಾಗಲಿ ಮಗಳಾಗಲಿ ತೀರ್ಮಾನಿಸುವಂತಿರಲಿಲ್ಲ. ನಾವೇ ಒಂದನ್ನು ನಿಲ್ಲಿಸಲಿಲ್ಲ. ಹೊಸ ವೈದ್ಯರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿ, ಮೊದಲನೆಯದನ್ನು ಬಿಡಿಸಿದರು.

ನವೀನ್, ಯಲಹಂಕ

ಬಿಲ್ಲುಗಳ ಮೂಲಪ್ರತಿಯನ್ನು ಖಂಡಿತ ಇಟ್ಟುಕೊಳ್ಳಿ. ಫೋಟೋ ಮಾತ್ರ ಇದ್ದರೆ ವಿಮೆಯವರು ಒಪ್ಪದಿರಬಹುದು, ನನಗೆ ಆ ಕಷ್ಟ ಆಗಿದೆ.

ಸವಿತಾ

ನವೀನ್ ಅವರೇ, ಇದು ವಿಮೆಗಲ್ಲ, ವೈದ್ಯರಿಗೆ ತೋರಿಸಲು. ಆದರೂ ಬಿಲ್ಲುಗಳನ್ನು ಎತ್ತಿಡುತ್ತೇನೆ. ನನಗೆ ತೊಡಕಾಗಿರುವುದು ಯಾವ ಮಾತ್ರೆ ಯಾವುದಕ್ಕೆ ಎಂಬುದು. ಎರಡು ಮಾತ್ರೆಗಳ ಬಗ್ಗೆ ಅಮ್ಮನಿಗೂ ನೆನಪಿಲ್ಲ.

ರಾಘವೇಂದ್ರ

ಹೆಸರು ಹಾಕಿ ಮೊಬೈಲ್‌ನಲ್ಲಿ ಹುಡುಕಿದರೆ ಬರುತ್ತದಲ್ಲ? ಅದನ್ನೇ ಬರೆದುಬಿಡಿ.

ಗೀತಾ, ಬಸವನಗುಡಿ

ದಯವಿಟ್ಟು ಹಾಗೆ ಬರೆಯಬೇಡಿ. ನನ್ನ ಯಜಮಾನರಿಗೆ ಅಂಗಾಲು ಉರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ ಕೊಟ್ಟಿದ್ದಾರೆ. ಸಕ್ಕರೆ ಕಾಯಿಲೆಯಿಂದ ನರಕ್ಕೆ ಆದ ತೊಂದರೆ. ಅದೇ ಹೆಸರನ್ನು ಹುಡುಕಿದರೆ ಮೊದಲು ಕಾಣುವುದು ಖಿನ್ನತೆ. ನನ್ನ ಮೈದುನ ಅದನ್ನೇ ಬರೆದು ಕಳುಹಿಸಿದ್ದರಿಂದ, ಕಣ್ಣಿನ ಶಸ್ತ್ರಚಿಕಿತ್ಸೆಗೆ ಹೋದಾಗ ಇವರಿಗೆ ಮಾನಸಿಕ ಕಾಯಿಲೆ ಎಷ್ಟು ವರ್ಷದಿಂದ ಎಂದು ಕೇಳಿದರು. ಇವರು ಬಹಳ ನೊಂದುಕೊಂಡರು. ಗೊತ್ತಿಲ್ಲದ ಕಡೆ 'ಯಾವುದಕ್ಕೆಂದು ಗೊತ್ತಿಲ್ಲ, ಇಂಥ ವರ್ಷದಿಂದ ತೆಗೆದುಕೊಳ್ಳುತ್ತಿದ್ದಾರೆ' ಎಂದೇ ಬರೆಯಿರಿ. ವೈದ್ಯರಿಗೆ ಅದರಿಂದಲೇ ಹೆಚ್ಚು ತಿಳಿಯುತ್ತದೆ.

ಸವಿತಾ

ಹಾಗೇ ಬರೆಯುತ್ತೇನೆ ಅಕ್ಕ. ಶೈಲಜಾ ಮೇಡಂ, ಒಂದು ಮಾತ್ರೆ ಸ್ಟ್ರಿಪ್‌ನಲ್ಲಿಲ್ಲ, ಸಣ್ಣ ಬಾಟಲಿಯಲ್ಲಿದೆ. ಥೈರಾಕ್ಸಿನ್ 50 ಎಂದಿದೆ. ಅಮ್ಮ ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಮತ್ತು ಕ್ಯಾಲ್ಸಿಯಂ ಮಾತ್ರೆಯನ್ನು ಒಟ್ಟಿಗೆ ಕಾಫಿ ಜೊತೆ ತೆಗೆದುಕೊಳ್ಳುತ್ತಾರಂತೆ. ಸಿಕ್ಕಿದ ಹಳೆಯ ಚೀಟಿಯಲ್ಲಿ 'ಖಾಲಿ ಹೊಟ್ಟೆಯಲ್ಲಿ' ಎಂದಿದೆ. ಯಾವುದನ್ನು ಬರೆಯಲಿ?

ಶೈಲಜಾ

ಎರಡನ್ನೂ ಬರೆಯಿರಿ. ಚೀಟಿಯಲ್ಲಿ ಹೀಗಿದೆ, ತೆಗೆದುಕೊಳ್ಳುತ್ತಿರುವುದು ಹೀಗೆ ಎಂದು. ಒಳ್ಳೆಯ ಹೊತ್ತಿಗೆ ಕೇಳಿದಿರಿ. ಥೈರಾಕ್ಸಿನ್ನನ್ನು ಬರೀ ನೀರಿನಲ್ಲಿ, ತಿಂಡಿ ಕಾಫಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆಯಾದರೂ ಅಂತರ ಬೇಕು. ಕ್ಯಾಲ್ಸಿಯಂ ಅದನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಪೂರ್ತಿ ಸೇರುವುದಿಲ್ಲ. ಆಗ ರಕ್ತ ಪರೀಕ್ಷೆಯಲ್ಲಿ ಟಿ.ಎಸ್.ಎಚ್. ಹೆಚ್ಚು ಬರಬಹುದು. ನಿಮ್ಮ ಹಾಳೆಯಲ್ಲಿ 'ಬೆಳಿಗ್ಗೆ 1' ಎಂದಷ್ಟೇ ಇದ್ದರೆ, 50 ಸಾಲುತ್ತಿಲ್ಲವೆಂದು ವೈದ್ಯರು 75ಕ್ಕೆ ಏರಿಸಬಹುದು. ಆಮೇಲೆ ಅಮ್ಮ ಎಂದಾದರೂ ಕ್ಯಾಲ್ಸಿಯಂ ಬಿಟ್ಟರೆ ಅದೇ 75 ಹೆಚ್ಚಾಗಿ ಎದೆ ಬಡಿತ ಜೋರಾಗಬಹುದು.

ಬಾಟಲಿಯ ಸುತ್ತಲಿನ ಲೇಬಲ್ಲನ್ನು ತಿರುಗಿಸಿ ಎರಡು ಫೋಟೋ ತೆಗೆಯಿರಿ. ಅಲ್ಲಿರುವ 50 ಎಂಬುದು ಮೈಕ್ರೋಗ್ರಾಂ, ಅದನ್ನು ಮಿ.ಗ್ರಾಂ ಎಂದು ಬರೆಯಬೇಡಿ. ಹಳೆಯ ಬಾಟಲಿಗೆ ಹೊಸ ಮಾತ್ರೆ ಸುರಿದುಕೊಳ್ಳುವ ಅಭ್ಯಾಸ ಇದೆಯೇ ಎಂದೂ ಅಮ್ಮನನ್ನು ಕೇಳಿ. ಇದ್ದರೆ ಲೇಬಲ್ಲನ್ನು ನಂಬುವಂತಿಲ್ಲ.

ಮಂಜುನಾಥ್, ಕೆಂಗೇರಿ

ಡಬ್ಬಿಯಲ್ಲಿಲ್ಲದ್ದನ್ನೂ ಕೇಳಿ ಬರೆಯಿರಿ. ನಮ್ಮ ಅತ್ತೆಯವರು ಮಂಡಿನೋವಿಗೆ ಅಂಗಡಿಯಿಂದ ತಂದ ಮಾತ್ರೆಯನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ಅದು ಡೈಕ್ಲೊಫೆನಾಕ್. ಬಿ.ಪಿ. ಏಕೆ ಇಳಿಯುತ್ತಿಲ್ಲವೆಂದು ವೈದ್ಯರು ತಲೆ ಕೆಡಿಸಿಕೊಂಡಿದ್ದರು. ಕಣ್ಣಿನ ಹನಿ, ಕಷಾಯ, ಚೂರ್ಣ ಎಲ್ಲವೂ ಪಟ್ಟಿಗೆ ಬರಬೇಕು. ಮತ್ತೆ, ಕಾಯಿಲೆಯ ಪ್ರಕಾರ ಬರೆಯಿರಿ. ಬಿ.ಪಿ.ಯವು ಒಂದು ಕಡೆ, ಥೈರಾಯ್ಡ್ ಒಂದು ಕಡೆ.

ಗೀತಾ

ನಾನು ಹೊತ್ತಿನ ಪ್ರಕಾರ ಬರೆಯುತ್ತೇನೆ. ಥೈರಾಕ್ಸಿನ್ ಮತ್ತು ಕ್ಯಾಲ್ಸಿಯಂ ಒಂದೇ ಹೊತ್ತಿಗೆ ಬಿದ್ದದ್ದು ಹಾಗೆ ಬರೆದರೆ ತಾನೆ ಕಾಣುವುದು?

ಮಂಜುನಾಥ್

ಟೆಲ್ಮಿಸಾರ್ಟನ್ ಎರಡು ಸಲ ಬಂದದ್ದು ಕಾಯಿಲೆಯ ಪ್ರಕಾರ ಬರೆದರೆ ಬೇಗ ಕಾಣುತ್ತದೆ, ಗೀತಾ ಅವರೇ. ಹೊಸ ವೈದ್ಯರು ಮೊದಲು ಕೇಳುವುದೂ ಏನೇನು ಕಾಯಿಲೆ ಇದೆ ಎಂದೇ.

ಶೈಲಜಾ

ಇದರಲ್ಲಿ ನನಗೂ ಒಂದೇ ಉತ್ತರವಿಲ್ಲ. ಸವಿತಾ, ಯಾವ ಕ್ರಮದಲ್ಲಿ ಬರೆದರೂ ಹಾಳೆಯ ಬಲಗಡೆ ಮೂರು ಬೆರಳಷ್ಟು ಜಾಗ ಬಿಡಿ, ವೈದ್ಯರು ಅಲ್ಲೇ ತಿದ್ದಿ ಬರೆಯಲಿ. ಮೇಲೆ ದಿನಾಂಕ ಹಾಕಿ. ಯಾವುದಾದರೂ ಔಷಧಕ್ಕೆ ಮೈ ದದ್ದು ಎದ್ದದ್ದಿದ್ದರೆ ಅದರ ಹೆಸರನ್ನು ದಿನಾಂಕದ ಕೆಳಗೇ ಬರೆಯಿರಿ. ಸ್ಟ್ರಿಪ್‌ಗಳನ್ನೂ ಬಾಟಲಿಯನ್ನೂ ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಫೋಟೋದಲ್ಲಿ ಅಕ್ಷರ ಓದಲು ಆಗದಿದ್ದರೆ ಅವರು ಕೈಗೆ ತೆಗೆದುಕೊಂಡು ನೋಡಬಹುದು.