ಹುಳದ ಗುಳಿಗಿ ಕೊಟ್ಟರೂ ರಕ್ತ ಯಾಕ ಏರಲಿಲ್ಲ?

ಸುರಪುರ ತಾಲ್ಲೂಕಿನ ತಾಯಿ:
ನನ್ನ ಮಗಗ ಏಳು ವರ್ಷ, ತೂಕ 16 ಕೆಜಿ. ಎರಡು ವರ್ಷದ ಹಿಂದಿನ ಚಡ್ಡಿ ಇನ್ನೂ ಬರ್ತದ. ಹೋದ ವಾರ ರಕ್ತ ತಪಾಸ ಮಾಡಿಸಿದ್ರ ಎಚ್‌ಬಿ 8.4 ಬಂತು. ಆಗಸ್ಟ್‌ದಾಗ ಸಾಲಿಯೊಳಗ ಹುಳದ ಗುಳಿಗಿ ಕೊಟ್ಟಾರ, ಸಂಡಾಸದಾಗ ಒಂದು ಹುಳಾನೂ ಬೀಳಲಿಲ್ಲ. ಈಗ ಫೆಬ್ರವರಿದಾಗ ಮತ್ತ ಕೊಡ್ತಾರಂತ. ತಪಾಸ ಮಾಡದ ಆರಾರು ತಿಂಗಳಿಗಿ ಯಾಕ ಕೊಡಬೇಕು? ರಕ್ತ ಯಾಕ ಏರಲಿಲ್ಲ? ಅನುಭವ ಇದ್ದವರು ಹೇಳ್ರಿ.

ಸೇಡಂ ಕಡೆಯ ಅಜ್ಜಿ (ಮೊಮ್ಮಗ ಟೈಪ್ ಮಾಡ್ಯಾನ):
ಯವ್ವ, ಬೆಲ್ಲ ಸಕ್ಕರಿ ಬಂದ್ ಮಾಡು. ಸಿಹಿ ತಿಂದ್ರ ಹುಳ ಹುಟ್ತಾವ. ನನ್ನ ಸಣ್ಣ ಮಗ ಐದು ವರ್ಷದವ ಇದ್ದಾಗ ಗುಳಿಗಿ ಕೊಟ್ಟ ಮರುದಿನ ಗೇಣುದ್ದದ ಹುಳ ಬಿದ್ದಿದ್ವು, ಎರೆಹುಳದಂಗ, ಆದ್ರ ಬೆಳ್ಳಗ. ಒಂದಂತೂ ಬಾಯಿಂದ ಬಂತು. ಅವತ್ತಿಂದ ಮನಿಯೊಳಗ ಬೇವಿನ ರಸ ತಪ್ಪಿಸಿಲ್ಲ. ಹುಳ ಬೀಳಲಿಲ್ಲ ಅಂದ್ರ ನಿನ್ನ ಮಗಗ ಹುಳ ಇಲ್ಲ ಬಿಡು, ಸುಮ್ಮನ ಗುಳಿಗಿ ಯಾಕ.

ಕಲಬುರಗಿ, ನಿವೃತ್ತ ಲ್ಯಾಬ್ ಟೆಕ್ನಿಷಿಯನ್:
ಅಜ್ಜಿ ನೋಡಿದ್ದು ಖರೆ. ಅದು ದುಂಡು ಹುಳ. ಗೇಣುದ್ದ ಇರ್ತದ, ಬಿದ್ರ ಕಣ್ಣಿಗಿ ಕಾಣ್ತದ. ಆದ್ರ ಅದು ರಕ್ತ ಕುಡಿಯಂಗಿಲ್ಲ, ಕೂಸು ಉಂಡಿದ್ದರಾಗ ಪಾಲು ತಗೋತದ. ರಕ್ತ ಕುಡಿಯೋದು ಕೊಕ್ಕೆ ಹುಳ. ಅದು ಒಂದು ಸೆಂಟಿಮೀಟರ್, ಹೊಲಿಗಿ ದಾರದ ತುಂಡಿನಷ್ಟ. ಕರಳಿನ ಗೋಡಿ ಕಚ್ಚಿ ಹಿಡಿದು ಕುಂತಿರ್ತದ, ಸತ್ತು ಬಿದ್ರೂ ಸಂಡಾಸದಾಗ ಗುರುತು ಸಿಗಂಗಿಲ್ಲ. ಹಂಗಾಗಿ ತಂಗಿ, ಹುಳ ಬೀಳಲಿಲ್ಲ ಅಂಬೋದರಿಂದ ಏನೂ ತಿಳಿಯಂಗಿಲ್ಲ. ಬೆಲ್ಲದ್ದೂ ತಪ್ಪಿಲ್ಲ ಅಜ್ಜಿ, ಹುಳ ಬರೋದು ಮಣ್ಣಿಂದ.

ಒಂದು ಲೆಕ್ಕ ಹೇಳ್ತೀನಿ, ಸಾವಕಾಶ ಓದ್ರಿ. ಒಂದು ಕೊಕ್ಕೆ ಹುಳ ದಿನಕ್ಕ 0.03 ಎಂಎಲ್ ರಕ್ತ ಕಳಸ್ತದ. ಅದರ ಇನ್ನೊಂದು ಜಾತಿ ಇದರ ಐದು ಪಟ್ಟು ಕುಡಿತದ, ಅದನ್ನ ಬಿಡ್ರಿ. ಕೂಸಿನ ಹೊಟ್ಟ್ಯಾಗ ನೂರು ಹುಳ ಅದಾವ ಅಂತ ಹಿಡಿದ್ರ ದಿನಕ್ಕ 3 ಎಂಎಲ್ ಆಯ್ತು, ಚಹಾ ಚಮಚದಾಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ರಕ್ತ ಕಮ್ಮಿ ಇರೋ ಇಂಥ ಕೂಸಿನ ಒಂದು ಎಂಎಲ್ ರಕ್ತದಾಗ ಸುಮಾರು ಮೂರನೇ ಒಂದು ಮಿಲಿಗ್ರಾಂ ಕಬ್ಬಿಣ ಇರ್ತದ. ಅಂದ್ರ ದಿನಾ ಒಂದು ಮಿಲಿಗ್ರಾಂ ಹೊರಗ ಹೋಯ್ತು. ಜ್ವಾಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿಪಲ್ಯ ಉಂಬ ಏಳು ವರ್ಷದ ಕೂಸು ದಿನಕ್ಕ ಹೀರ್ಕೊಳ್ಳೋದೂ ಅಷ್ಟ, ಇಲ್ಲಾ ಅದಕ್ಕಿಂತ ಕಮ್ಮಿ. ಬಂದಿದ್ದು ಬಂದಂಗ ಹೋಯ್ತು, ಬೆಳೆಯಾಕ ಏನು ಉಳೀತು?

ಈಗ ನಿಮ್ಮ ಎರಡನೇ ಪ್ರಶ್ನೆ. ಗುಳಿಗಿ ಹುಳ ಕೊಲ್ತದ, ಅಂದ್ರ ಸೋರೋದು ನಿಲ್ತದ. ಆದ್ರ ಸೋರಿ ಹೋದ ಕಬ್ಬಿಣ ಅದರಿಂದ ತಿರುಗಿ ಬರಂಗಿಲ್ಲ. ತೂತು ಮುಚ್ಚಿದ ಕೂಡಲೇ ಕೊಡ ತುಂಬೋದಿಲ್ಲ, ನೀರು ಹಾಕಬೇಕು. 8.4ಕ್ಕ ಊಟವೊಂದರಿಂದ ಏರೋದು ಕಷ್ಟ, ಡಾಕ್ಟರ್ ತೂಕ ನೋಡಿ ಕಬ್ಬಿಣದ ಔಷಧ ಬರೀತಾರ. ಕೆಜಿಗಿ 3 ಮಿಲಿಗ್ರಾಂ ಲೆಕ್ಕದಾಗ ನಿಮ್ಮ ಮಗಗ ದಿನಕ್ಕ 48 ಆಗ್ತದ, ಎರಡು ತಿಂಗಳು. ಈ ವಯಸ್ಸಿನ ಮಕ್ಕಳಿಗಿ 11.5 ಇರಬೇಕು. 8ಕ್ಕಿಂತ ಇಳಿದ್ರ ತಡ ಮಾಡದ ದೊಡ್ಡ ದವಾಖಾನಿಗಿ ಹೋಗಬೇಕು, ನೀವು ಅದರ ಅಂಚಿಗೇ ಇದ್ದೀರಿ.

ಯಾದಗಿರಿಯ ಶಾಲಾ ಶಿಕ್ಷಕಿ:
ನಮ್ಮ ಶಾಲೆಯಲ್ಲಿ ವಾರಕ್ಕೊಂದು ಗುಲಾಬಿ ಬಣ್ಣದ ಮಾತ್ರೆ ಕೊಡುತ್ತೇವಲ್ಲ, ಅದರಲ್ಲಿ 45 ಮಿಲಿಗ್ರಾಂ ಕಬ್ಬಿಣ ಇದೆ. ಅದನ್ನು ನೋಡಿ ಎಷ್ಟೋ ತಾಯಂದಿರು "ಕಬ್ಬಿಣ ಶಾಲೆಯಲ್ಲೇ ಸಿಗ್ತದ" ಎಂದುಕೊಳ್ಳುತ್ತಾರೆ. ಅದು ರಕ್ತ ಕಡಿಮೆಯಾಗದಿರಲಿ ಎಂದು ವಾರಕ್ಕೊಮ್ಮೆ ಕೊಡುವುದು. ಕಡಿಮೆಯಾದ ಮೇಲೆ ಬೇಕಾದದ್ದು ಪ್ರತಿದಿನ.

ಇನ್ನೊಂದು ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮಗು ಹುಳದ ಮಾತ್ರೆಯನ್ನು ನಿಜವಾಗಿ ಜಗಿದು ನುಂಗಿದೆಯೇ ಎಂದು ಕೇಳಿ. ಒಂದು ವರ್ಷ ನಾನೇ ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರಿನ ಮುಂದೆ ಗುರುತು ಹಾಕಿ ಮುಗಿಸಿದ್ದೆ. ಮರುದಿನ ಕಸ ಗುಡಿಸುವಾಗ ಬೆಂಚಿನ ಸಂದಿಯಲ್ಲಿ ಅರ್ಧ ಜಗಿದ ಹನ್ನೊಂದು ಮಾತ್ರೆ ಸಿಕ್ಕವು. ಆಮೇಲೆ ನನ್ನ ಮುಂದೆಯೇ ಜಗಿಸಿ, ಬಾಯಿ ತೆರೆಸಿ ನೋಡುತ್ತೇನೆ. ಅಂಗನವಾಡಿಯ ಸಣ್ಣ ಮಕ್ಕಳಿಗೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡುತ್ತಾರೆ. ಒಂದರಿಂದ ಎರಡು ವರ್ಷದವರಿಗೆ ಅರ್ಧ, ಅಂದರೆ 200 ಮಿಲಿಗ್ರಾಂ, ಎರಡು ದಾಟಿದವರಿಗೆ 400ರ ಪೂರ್ತಿ ಮಾತ್ರೆ. ಅಳುವ ಮಗುವಿನ ಬಾಯಿಗೆ ತುರುಕಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಂದು ಜ್ವರ ಇದ್ದರೆ ಬಿಟ್ಟು, ವಾರದ ನಂತರದ ಸುತ್ತಿನಲ್ಲಿ ಕೊಡುತ್ತೇವೆ. ಫಿಟ್ಸ್‌ಗೆ ಔಷಧ ತೆಗೆದುಕೊಳ್ಳುವ ಮಗುವಾದರೆ ಮೊದಲು ಡಾಕ್ಟರನ್ನು ಕೇಳಿ.

ಬೀದರ್‌ನ ತಾಯಿ:
ನಮ್ಮ ಮಗಳಿಗೂ ಇದೇ ಸಮಸ್ಯೆ! ರಾತ್ರಿ ಹಿಂದ ಕೆರ್ಕೊಂತಾಳ, ನಿದ್ದಿ ಇಲ್ಲ, ಹಲ್ಲು ಕಡಿತಾಳ. ಗುಳಿಗಿ ಕೊಟ್ಟ್ರ ಎಂಟು ದಿನ ಆರಾಮ, ಆಮ್ಯಾಲ ಮತ್ತ ಅದೇ. ಆರು ತಿಂಗಳು ಕಾಯಬೇಕಾ?

ಲ್ಯಾಬ್ ಟೆಕ್ನಿಷಿಯನ್:
ಅಕ್ಕಾರ, ನಿಮ್ಮದು ಬ್ಯಾರೆ. ಅದು ಸೂಜಿ ಹುಳ ಇರಬೇಕು, ರಾತ್ರಿ ಹೊರಗ ಬಂದು ತತ್ತಿ ಇಡ್ತದ. ಅದಕ್ಕ ಎರಡು ವಾರ ಬಿಟ್ಟು ಇನ್ನೊಂದು ಸಲ ಕೊಡೋದು, ಮನಿಯವರೆಲ್ಲರೂ ಒಂದೇ ದಿನ ತಗೊಳ್ಳೋದು, ಉಗುರು ಕತ್ತರಿಸಿ ಹಾಸಿಗಿ ಬಟ್ಟಿ ಬಿಸಿ ನೀರಾಗ ಒಗಿಯೋದು. ಡಾಕ್ಟರನ್ನ ಕೇಳಿ ಮಾಡ್ರಿ. ಅದರಿಂದ ರಕ್ತ ಇಳಿಯಂಗಿಲ್ಲ. ಹಲ್ಲು ಕಡಿಯೋದನ್ನ ಮಾತ್ರ ಹುಳದ ಲೆಕ್ಕಕ್ಕ ಹಾಕಬ್ಯಾಡ್ರಿ.

ಶಹಾಪುರದ ರೈತ:
ನಮ್ಮ ಕಡಿ ನಾರಾಯಣಪುರ ಎಡದಂಡೆ ಕಾಲುವಿ ನೀರು ಬಂದ ಮ್ಯಾಲ ಭತ್ತ ಹೆಚ್ಚಾಗ್ಯದ. ಮನಿಯೊಳಗ ಸಂಡಾಸ ಅದ, ಖರೆ ಹೊಲಕ್ಕ ಹೋದಾಗ ಯಾರು ಮನಿಗಿ ಓಡಿ ಬರ್ತಾರ? ಎಲ್ಲಾರೂ ಕಾಲುವಿ ದಂಡಿಗಿ ಜಾಲಿ ಗಿಡದ ಮರಿಗೇ ಹೋಗೋದು. ಮಳಿಗಾಲದಾಗ ಅಲ್ಲಿಂದ ಬಂದ ಮ್ಯಾಲ ಕಾಲ ಬೆರಳ ಸಂದಿಯೊಳಗ ನವಿ, ಸಣ್ಣ ಗುಳ್ಳಿ. ನಾವು ಕೆಸರಿನ ಕಡಿತ ಅಂತಿದ್ವಿ. ಅದೂ ಹುಳದ್ದೇನಾ?

ಲ್ಯಾಬ್ ಟೆಕ್ನಿಷಿಯನ್:
ಎಲ್ಲಾ ನವಿ ಅದಲ್ಲ, ಕೆಸರಿನಾಗ ಬ್ಯಾರೆ ಕಾರಣನೂ ಇರ್ತಾವ. ಆದ್ರ ನೀವು ಹೇಳಿದ ಜಾಗ ಕೊಕ್ಕೆ ಹುಳಕ್ಕ ಹೇಳಿ ಮಾಡಿಸಿದ್ದು. ತಂಪು, ನೆರಳು, ಸಡಿಲ ಮಣ್ಣು, ದಿನಾ ಅದೇ ಜಾಗಕ್ಕ ಜನ. ಸಂಡಾಸದಾಗಿನ ತತ್ತಿ ಒಡದು ಒಂದು ವಾರ, ಹತ್ತು ದಿನದೊಳಗ ಮರಿ ತಯಾರಾಗಿ ಬರಿಗಾಲಿನ ಚರ್ಮ ಕೊರೆದು ಒಳಗ ಹೋಗ್ತದ. ರಕ್ತದಾಗ ಹರಿದು ಪುಪ್ಪುಸಕ್ಕ, ಅಲ್ಲಿಂದ ಗಂಟಲಿಗಿ ಏರಿ ನುಂಗಿದ ಮ್ಯಾಲ ಕರುಳಿಗಿ. ದೊಡ್ಡದಾಗಿ ರಕ್ತ ಕುಡಿಯಾಕ ಐದಾರು ವಾರ ಬೇಕು. ಎರಿ ಹೊಲ ಬ್ಯಾಸಿಗಿಯೊಳಗ ಬಿರುಕು ಬಿಟ್ಟು ಒಣಗಿದಾಗ ಆ ಮರಿ ಉಳಿಯಂಗಿಲ್ಲ. ದುಂಡು ಹುಳದ ತತ್ತಿ ಹಂಗಲ್ಲ, ಒಣ ಮಣ್ಣಿನಾಗೂ ತಿಂಗಳುಗಟ್ಟಲೆ ಜೀವ ಹಿಡಿದಿರ್ತದ, ಕೈಯಿಂದ, ತೊಳೆಯದ ಕೊತ್ತಂಬರಿ ಮೆಂತ್ಯದಿಂದ ಬಾಯಿಗಿ ಬರ್ತದ. ಅದಕ್ಕ ಚಪ್ಪಲಿ ಏನೂ ಮಾಡಂಗಿಲ್ಲ, ಕೊಕ್ಕೆ ಹುಳಕ್ಕ ಚಪ್ಪಲಿನೇ ದೊಡ್ಡ ಮದ್ದು.

ಆರಾರು ತಿಂಗಳಿಗಿ ಯಾಕ ಅಂಬೋದೂ ಇದರೊಳಗ ಅದ. ಗುಳಿಗಿ ಆ ದಿನ ಕರುಳಿನಾಗ ಇದ್ದ ಹುಳ ಹೊಡೀತದ, ಕೊಕ್ಕೆ ಹುಳ ಅದರಾಗೂ ಸ್ವಲ್ಪ ಉಳೀತಾವ. ಪುಪ್ಪುಸದ ದಾರಿಯೊಳಗ ಇರೋ ಮರಿಗಿ ಒಂದು ಗುಳಿಗಿ ಸಾಲಂಗಿಲ್ಲ. ಕಾಲುವಿ ದಂಡಿ ಮಣ್ಣಿಗಂತೂ ಗುಳಿಗಿ ಯಾರು ಕೊಡ್ತಾರ? ಕೂಸು ಅದೇ ಮಣ್ಣಿಗಿ ಹೋಗಿ ಮತ್ತ ತುಂಬಿಸ್ಕೊಂಡು ಬರ್ತದ. ನೂರು ಹುಳ ಇದ್ದದ್ದು ಐದಾದ್ರ, ಆರು ತಿಂಗಳದಾಗ ಮೂವತ್ತು ಆಗಬಹುದು, ಮತ್ತ ಕೊಟ್ರ ಮತ್ತ ಇಳೀತದ. ಈ ಸಂಖ್ಯೆ ತಿಳಿಯಲಿ ಅಂತ ಹೇಳಿದ್ದು, ಅಳತಿ ಅಲ್ಲ. ಹುಳ ಪೂರ್ತಿ ಸೊನ್ನಿ ಮಾಡೋದು ಈ ಗುಳಿಗಿ ಉದ್ದೇಶನೇ ಅಲ್ಲ, ರಕ್ತ ಇಳಿಯೋಷ್ಟು ಏರಗೊಡಬಾರದು, ಅಷ್ಟ.

ಕಲಬುರಗಿಯ ವೈದ್ಯಕೀಯ ವಿದ್ಯಾರ್ಥಿ:
ಸರ್, ಒಂದು ತಕರಾರು. ವೈದ್ಯಕೀಯ ಅಧ್ಯಯನಗಳನ್ನು ಪರಾಮರ್ಶಿಸುವ ಕಾಕ್ರೇನ್ ಸಂಸ್ಥೆಯವರು ಎಲ್ಲ ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ, ಎಲ್ಲ ಮಕ್ಕಳಿಗೂ ಮಾತ್ರೆ ಕೊಟ್ಟರೆ ತೂಕದಲ್ಲಾಗಲಿ ಎಚ್‌ಬಿಯಲ್ಲಾಗಲಿ ಸರಾಸರಿ ಹೆಚ್ಚಳ ಅಷ್ಟೇನೂ ಕಾಣಲಿಲ್ಲ. ಉತ್ತರ ಪ್ರದೇಶದಲ್ಲಿ ಲಕ್ಷಾಂತರ ಮಕ್ಕಳ ಮೇಲೆ ಮಾಡಿದ ದೊಡ್ಡ ಪ್ರಯೋಗ 2013ರಲ್ಲಿ ಪ್ರಕಟವಾಯಿತು, ಅಲ್ಲಿಯೂ ಹಾಗೇ. ಹಾಗಿದ್ದರೆ ಈ ತಾಯಿಗೆ ಬೆಳವಣಿಗೆಯ ಆಸೆ ಹುಟ್ಟಿಸುವುದು ಸರಿಯೇ?

ಲ್ಯಾಬ್ ಟೆಕ್ನಿಷಿಯನ್:
ತಕರಾರು ಸರಿ ಅದ ತಮ್ಮ. ಆದ್ರ ಸರಾಸರಿ ಅಂದ್ರ ಯಾರದು? ನೂರು ಮಕ್ಕಳೊಳಗ ಎಂಬತ್ತು ಮಂದಿಗಿ ಹುಳನೇ ಇಲ್ಲ ಅಂದ್ರ ಅವರ ತೂಕ ಗುಳಿಗಿಯಿಂದ ಯಾಕ ಏರಬೇಕು? ಹುಳ ಎಲ್ಲರಲ್ಲಿ ಸಮ ಇರಂಗಿಲ್ಲ, ನಾಲ್ಕೈದು ಮಕ್ಕಳ ಹೊಟ್ಟ್ಯಾಗೇ ಗುಂಪು ಕಟ್ಟಿ ಕುಂತಿರ್ತಾವ. ಆ ನಾಲ್ಕು ಮಂದಿಗಿ ಆದ ಲಾಭ ಸರಾಸರಿಯೊಳಗ ಕರಗಿ ಹೋಗ್ತದ. ಆ ನಾಲ್ವರು ಯಾರು ಅಂತ ಹುಡುಕಾಕ ಎಲ್ಲರ ಸಂಡಾಸ ತಪಾಸ ಮಾಡಬೇಕು, ಅದರ ಖರ್ಚು ಗುಳಿಗಿಗಿಂತ ಎಷ್ಟೋ ಪಟ್ಟು. ಹಂಗಾಗಿ ವಿಶ್ವ ಆರೋಗ್ಯ ಸಂಸ್ಥೆ ನೂರಕ್ಕ ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳಿಗಿ ಹುಳ ಇರೋ ಕಡೆ ವರ್ಷಕ್ಕೊಮ್ಮೆ, ಐವತ್ತು ದಾಟಿದ ಕಡೆ ಎರಡು ಸಲ ಅಂತ ಇಟ್ಟದ.

ವೈದ್ಯಕೀಯ ವಿದ್ಯಾರ್ಥಿ:
ನಾಲ್ವರಿಗೆ ಎಷ್ಟು ಲಾಭ ಎಂಬುದೂ ಇನ್ನೂ ಚರ್ಚೆಯಲ್ಲೇ ಇದೆ ಸರ್. ಆದರೆ ಎಚ್‌ಬಿ 8.4 ಇರುವ ಮಗುವಿಗೆ ಕೊಡಬೇಕು ಎನ್ನುವುದರಲ್ಲಿ ನನಗೂ ಸಂಶಯವಿಲ್ಲ.

ಸುರಪುರ ತಾಲ್ಲೂಕಿನ ತಾಯಿ:
ಎಲ್ಲಾರಿಗೂ ನಮಸ್ಕಾರ ರೀ. ಸಂಡಾಸ ತಪಾಸಕ್ಕ ಕೊಟ್ಟಿದ್ದೆ, "ಏನೂ ಕಾಣಲಿಲ್ಲ" ಅಂತ ಬಂದದ. ಮುಂಜಾನಿ ಡಬ್ಬಿಯೊಳಗ ಹಿಡಿದು ಬಸ್ಸಿಗಿ ಬಂದು ಕೊಡೋದರೊಳಗ ಹನ್ನೆರಡೂವರಿ ಆಗಿತ್ತು. ಮಗನ್ನ ಕೇಳಿದ್ರ "ಜಗದೀನಿ, ಸಿಹಿ ಇತ್ತು" ಅಂತಾನ. ಅವ ಮಣ್ಣು ತಿಂತಾನ ಅಂಬೋದು ಮೊದಲು ಹೇಳಿರಲಿಲ್ಲ, ಗ್ವಾಡಿ ಮಣ್ಣು ಕೆರ್ಕೊಂಡು ತಿಂತಾನ.

ಲ್ಯಾಬ್ ಟೆಕ್ನಿಷಿಯನ್:
ಮಣ್ಣು ತಿನ್ನೋದು ಕಬ್ಬಿಣ ಕಮ್ಮಿ ಆದದ್ದರ ಗುರುತೂ ಹೌದು, ಮಣ್ಣಿನಾಗ ದುಂಡು ಹುಳದ ತತ್ತಿ ಇದ್ರ ಅದು ಹೊಟ್ಟಿಗಿ ಹೋಗೋ ದಾರಿನೂ ಹೌದು. ರಕ್ತ ಏರಿದಂಗ ಆ ಆಸೆ ತಾನೇ ಇಳೀತದ, ಹೊಡೀಬ್ಯಾಡ್ರಿ.

ತಪಾಸದ ಬಗ್ಗೆ ಹೇಳ್ತೀನಿ. ಕೊಕ್ಕೆ ಹುಳದ ತತ್ತಿ ತೆಳು ಸಿಪ್ಪಿಯದು, ಹೊತ್ತು ಹೋದಂಗ ಕೆಡ್ತದ, ನಮ್ಮ ಸೆಕಿಯೊಳಗ ಇನ್ನೂ ಜಲ್ದಿ. ನಾನು ಕೆಲಸದಾಗ ಇದ್ದಾಗ ಎಂಟು ವರ್ಷದ ಹುಡುಗಿ ಬಂದಿದ್ಲು, ಎಚ್‌ಬಿ 7.9. ಮೂರು ತಿಂಗಳು ಕಬ್ಬಿಣ ಕುಡಿದ್ರೂ 8.3 ಆಗಿತ್ತು. ಎರಡು ಸಲ ಮಧ್ಯಾಹ್ನ ಬಂದ ಡಬ್ಬಿ ನೋಡಿ ನಾನೇ "ಇಲ್ಲ" ಅಂತ ಬರದಿದ್ದೆ. ಮೂರನೇ ಸಲ ಅಲ್ಲೇ ಸಂಡಾಸಕ್ಕ ಕಳಿಸಿ ಬಿಸಿ ಇದ್ದಾಗಲೇ ಗಾಜಿನ ಮ್ಯಾಲ ಹಾಕಿದೆ. ಗಾಜು ಸರಿಸಿದಲ್ಲೆಲ್ಲಾ ತತ್ತಿ. ಗುಳಿಗಿ ಕೊಟ್ಟು ಅದೇ ಕಬ್ಬಿಣ ಮುಂದುವರಿಸಿದ್ರು, ತಿಂಗಳಿಗಿ 9.4, ಮೂರು ತಿಂಗಳಿಗಿ 11.6. ಅವಳಿಗಿ ಕಬ್ಬಿಣ ಇತ್ತು, ಗುಳಿಗಿ ಇರಲಿಲ್ಲ. ನಿಮ್ಮ ಮಗಗ ಉಲ್ಟಾ ಆಗ್ಯದ ಅಂತ ನನ್ನ ಅಂದಾಜು, ಅಂದಾಜು ಅಷ್ಟ. ಎರಡೂ ಕೊಟ್ಟು ತಿಂಗಳಿಗಿ ಒಂದು ಪಾಯಿಂಟಾದ್ರೂ ಏರಲಿಲ್ಲ ಅಂದ್ರ ಹುಟ್ಟಿನಿಂದ ಬರೋ ರಕ್ತದ ರೋಗ ತಲಸೀಮಿಯಾ ಮತ್ತ ಬ್ಯಾರೆ ಕಾರಣ ನೋಡಾಕ ಹೇಳ್ರಿ. ರಕ್ತ ಇಳಿದಿದ್ದಕ್ಕೆಲ್ಲಾ ಹುಳನೇ ಕಾರಣ ಅಲ್ಲ.

ಸುರಪುರ ತಾಲ್ಲೂಕಿನ ತಾಯಿ:
ಡಾಕ್ಟರ್ ಗುಳಿಗಿನೂ ಕೊಟ್ಟಾರ, ಕಬ್ಬಿಣದ ಸಿರಪ್ಪೂ ಬರದಾರ. ನಾಲ್ಕು ದಿನ ಆಯ್ತು. ಸಂಡಾಸ ಕರ್ರಗ ಬರ್ತದ ಅಂತ ನಮ್ಮತ್ತಿ ಅಂಜಿ ಬಂದ್ ಮಾಡು ಅಂತಾರ.

ಲ್ಯಾಬ್ ಟೆಕ್ನಿಷಿಯನ್:
ಕರ್ರಗ ಬಂದ್ರ ಔಷಧ ಹೊಟ್ಟಿಗಿ ಹೋಗ್ಯದ ಅಂತ ಅರ್ಥ, ಅತ್ತಿಯವರಿಗಿ ಹೇಳ್ರಿ. ಡಾಂಬರಿನಂಗ ಅಂಟು ಅಂಟಾಗಿ ವಾಸನಿ ಬಂದ್ರ ಮಾತ್ರ ಆಗಲೇ ತೋರಿಸ್ರಿ. ಸಿರಪ್ಪಿನ ಹಿಂದ ಮುಂದ ಚಹಾ, ಹಾಲು ಕೊಡಬ್ಯಾಡ್ರಿ. ತಿಂಗಳಾದ ಮ್ಯಾಲ ಎಚ್‌ಬಿ ಎಷ್ಟು ಬಂತು ಅಂತ ಇಲ್ಲೇ ಬರೀರಿ.