ಹೊಸಬರು ಲೀಟರಿಗೆ 255 ಅಂತಿದಾರೆ, ನಾವೂ ಇಳಿಸಬೇಕಾ?

ದಾವಣಗೆರೆಯ ಗಾಣದವರ ಪ್ರಶ್ನೆ: ನಮ್ಮದು ಮರದ ಗಾಣದ ಶೇಂಗಾ ಎಣ್ಣೆ, ನಮ್ಮದೇ ಹೆಸರಿನ ಬಾಟಲಿ. ತಿಂಗಳಿಗೆ ಸುಮಾರು 1000 ಲೀಟರ್ ಹೋಗುತ್ತೆ. ಅಂಗಡಿಗೆ 300ಕ್ಕೆ ಕೊಡ್ತಿದ್ವಿ. ಹಿಂಡಿ ಮಾರಿದ ದುಡ್ಡು ಕಳೆದು ಶೇಂಗಾ, ಬಾಟಲಿ, ಸಾಗಣೆಗೆ 230 ಬೀಳುತ್ತೆ. ಹೊಸಬರೊಬ್ಬರು 280ಕ್ಕೆ ಬಂದರು, ನಾವು 285ಕ್ಕೆ ಇಳಿಸಿದೆವು. ಈಗ ಅವರು 255 ಅಂತಿದಾರೆ. ನಾವು 260 ಮಾಡಬೇಕಾ? ಅನುಭವ ಇದ್ದವರು ಹೇಳಿ.

ಡಿಸ್ಟ್ರಿಬ್ಯೂಟರ್, ಹರಿಹರ: ಇಳಿಸಿಬಿಡಿ ಸಾರ್. ಹೊಸಬರು ಕೈಯಿಂದ ಹಾಕಿ ಮಾರ್ತಿರ್ತಾರೆ. ಮೂರು ತಿಂಗಳು ಹಲ್ಲು ಕಚ್ಚಿ ಹಿಡ್ಕೊಂಡರೆ ತಾವೇ ಗಂಟುಮೂಟೆ ಕಟ್ಟುತ್ತಾರೆ. ಬಿಸ್ಕೆಟ್ ಲೈನಿನಲ್ಲಿ ಇದನ್ನ ಕಣ್ಣಾರೆ ನೋಡಿದೀನಿ. ಒಮ್ಮೆ ಅಂಗಡಿಯಲ್ಲಿ ಜಾಗ ಹೋಯ್ತು ಅಂದರೆ ಮತ್ತೆ ಸಿಗೋದು ಕಷ್ಟ.

ಹೋಟೆಲಿನವರು: ನಾನು ಟಿನ್ ಲೆಕ್ಕದಲ್ಲಿ ತರೋನು. ಮೆಣಸಿನಕಾಯಿ ಬಜ್ಜಿ ಕರಿಯೋಕೆ ಗಾಣದ ಎಣ್ಣೆ ಹಾಕಿದರೆ ಬಜ್ಜಿ ಯಾವ ರೇಟಿಗೆ ಮಾರಲಿ? ನೀವು 260 ಮಾಡಿದರೂ ನನಗೆ ಆಗಲ್ಲ. ಅಂದಹಾಗೆ ಬೆಣ್ಣೆ ರೇಟಿನ ಬಗ್ಗೆ ಯಾರಾದರೂ ಮಾತಾಡಿ. ಪಕ್ಕದವನು ಅದೇನು ಹಾಕ್ತಾನೋ, ದೋಸೆ ಹತ್ತು ರೂಪಾಯಿ ಕಮ್ಮಿ ಮಾಡಿದಾನೆ.

ಚಳ್ಳಕೆರೆಯಿಂದ (ಮೊದಲು ಸೋಪು-ಪೌಡರ್ ಕಂಪನಿಯ ಸೇಲ್ಸ್‌ನಲ್ಲಿದ್ದೆ, ಈಗ ಎಣ್ಣೆ ವ್ಯಾಪಾರ): ಹೋಟೆಲಿನ ಅಣ್ಣ ಮಾತು ಬೇರೆ ಕಡೆಗೆ ಒಯ್ದರೂ ಕೆಲಸಕ್ಕೆ ಬರೋದನ್ನೇ ಹೇಳಿದಾರೆ. ಆ ಗಿರಾಕಿ ನಿಮ್ಮವರಲ್ಲ, ಅವರಿಗಾಗಿ ರೇಟು ಇಳಿಸೋದು ಸುಮ್ನೆ.

ಮೊದಲು ನಿಮ್ಮ ಲೆಕ್ಕ ನೋಡೋಣ. 300ಕ್ಕೆ ಮಾರಿದಾಗ ಲೀಟರಿಗೆ 70 ಉಳಿಯುತ್ತಿತ್ತು, ತಿಂಗಳಿಗೆ 70,000. ಬಾಡಿಗೆ, ಕರೆಂಟು, ಸಂಬಳ ಎಲ್ಲ ಅದರಲ್ಲೇ ಬರಬೇಕು. 260 ಮಾಡಿದರೆ ಉಳಿಯೋದು 30. ಅದೇ 70,000 ಬೇಕು ಅಂದರೆ 2,333 ಲೀಟರ್ ಮಾರಬೇಕು. ನಿಮ್ಮ ಹತ್ತಿರ ಎಷ್ಟು ಗಾಣ ಇದೆ? ಒಂದು ಸಲಕ್ಕೆ 15 ಕೆಜಿ ಬೀಜ ಹಾಕಿ, ತಾಸು ಹೊತ್ತು ಅರೆದರೆ ಆರು ಲೀಟರ್ ಆಸುಪಾಸು ಬರುತ್ತೆ. ದಿನಕ್ಕೆ ಹತ್ತು ತಾಸು, ತಿಂಗಳಿಗೆ 25 ದಿನ ಓಡಿಸಿದರೂ 1,500 ಲೀಟರ್. ಒಂದೇ ಗಾಣ ಇದ್ದರೆ 260ರ ರೇಟಿನಲ್ಲಿ ಮೊದಲಿನ ದುಡ್ಡು ಬರೋಕೆ ಸಾಧ್ಯವೇ ಇಲ್ಲ.

ಈಗ ತಿರುಗಿಸಿ ನೋಡಿ. 260ಕ್ಕೆ ಇಳಿಸಿ, ಒಬ್ಬ ಗಿರಾಕಿಯೂ ತಪ್ಪದೆ 1000 ಲೀಟರ್ ಹೋಯಿತು ಅನ್ನೋಣ. ಸಿಗೋದು 30,000. ಅಷ್ಟೇ ದುಡ್ಡಿಗೆ 300ರಲ್ಲಿ ಸುಮಾರು 430 ಲೀಟರ್ ಸಾಕು. ಅಂದರೆ ರೇಟು ಬಿಡದೆ ಅರ್ಧಕ್ಕಿಂತ ಜಾಸ್ತಿ ಗಿರಾಕಿಗಳು ಹೋದರೂ ನೀವು ಅಲ್ಲೇ ಇರ್ತೀರಿ. ಅಷ್ಟು ಜನ ನಿಜಕ್ಕೂ ಹೋಗ್ತಾರಾ ಅನ್ನೋದೇ ಪ್ರಶ್ನೆ.

ಹರಿಹರದ ಅಣ್ಣನ ಮಾತು, ಹೊಸಬರು ನಷ್ಟಕ್ಕೆ ಮಾರ್ತಿದ್ದರೆ ಸರಿ. ಆದರೆ ಅವರದು ಎಕ್ಸ್‌ಪೆಲ್ಲರ್ ಮಿಷನ್ನಿನ ಎಣ್ಣೆಯಾ ಅಂತ ಮೊದಲು ತಿಳ್ಕೊಳ್ಳಿ. ಎಕ್ಸ್‌ಪೆಲ್ಲರ್ ಹಿಂಡಿಯಲ್ಲಿ ಎಣ್ಣೆ ಕಮ್ಮಿ ಉಳಿಯುತ್ತೆ, ಅಷ್ಟೇ ಶೇಂಗಾಗೆ ಎಣ್ಣೆ ಜಾಸ್ತಿ ಬರುತ್ತೆ. ಹಾಗಿದ್ದರೆ 255 ಅವರಿಗೆ ನಷ್ಟದ ರೇಟೇ ಅಲ್ಲ. ಮೂರು ತಿಂಗಳಲ್ಲ, ಮೂರು ವರ್ಷ ನಡೆಸ್ತಾರೆ.

ಅವರ ಒಂದು ಬಾಟಲಿ ತಂದು ಮೇಜಿನ ಮೇಲಿಟ್ಟು ಲೇಬಲ್ ಓದಿ. ನಿವ್ವಳ ಎಷ್ಟು ಅಂತ ಬರೆದಿದೆ? ಬ್ಲೆಂಡೆಡ್ ಅಂತ ಇದೆಯಾ? ಬೇರೆ ಎಣ್ಣೆ ಬೆರೆಸಿ ಮಾರೋಕೆ ಕಾನೂನಿನಲ್ಲಿ ದಾರಿ ಇದೆ, ಆದರೆ ಲೇಬಲ್ ಮೇಲೆ ಹೇಳಲೇಬೇಕು. ಪುರಾವೆ ಇಲ್ಲದೆ ಕಲಬೆರಕೆ ಅಂತ ಮಾತ್ರ ಬಾಯಿ ಬಿಡಬೇಡಿ.

ಕಿರಾಣಿ ಅಂಗಡಿ, ಪಿ.ಜೆ. ಬಡಾವಣೆ: ಅಂಗಡಿಯವನಾಗಿ ಒಂದು ಮಾತು, ಬೇಜಾರಾಗಬೇಡಿ. ಇಂಥ ಎರಡು ಎಣ್ಣೆ ನನ್ನ ಹತ್ತಿರವೂ ಇದೆ. ಗಾಣದ್ದು 300ಕ್ಕೆ ತಂದು 320ಕ್ಕೆ ಕೊಡ್ತೀನಿ. ಹೊಸದು 255ಕ್ಕೆ ಬರುತ್ತೆ, 300ಕ್ಕೆ ಕೊಡ್ತೀನಿ. ನನಗೆ ಅದರಲ್ಲಿ 45 ಉಳಿಯುತ್ತೆ, ಇದರಲ್ಲಿ 20. ಯಾವುದು ಕಣ್ಣಿಗೆ ಬೀಳೋ ಹಾಗೆ ಇಡ್ತೀನಿ, ನೀವೇ ಹೇಳಿ.

ಚಳ್ಳಕೆರೆಯಿಂದ: ನೋಡಿ, ಗುಟ್ಟು ಇಲ್ಲಿದೆ. ಗಿರಾಕಿಗೆ ಕಾಣೋ ವ್ಯತ್ಯಾಸ 45 ಅಲ್ಲ, 20. ನೀವು ಅಂಗಡಿಗೆ 40 ಇಳಿಸಿದರೂ ಬಹಳಷ್ಟು ಅಲ್ಲೇ ನಿಲ್ಲುತ್ತೆ, ಅಡುಗೆಮನೆವರೆಗೆ ಬರಲ್ಲ. ಅದರ ಬದಲು ಎಲ್ಲರಿಗೂ ಮತ್ತೆ 300 ಅಂತಲೇ ಇಡಿ. ಚೆನ್ನಾಗಿ ಓಡುವ ಅಂಗಡಿಗಳಿಗೆ ಮಾತ್ರ ಲೀಟರಿಗೆ 10 ಹಿಂದಕ್ಕೆ ಕೊಡಿ. ಅದೂ ಎದುರಿನ ಸಾಲಿನಲ್ಲಿ ಇಟ್ಟಿದ್ದರೆ, ಹದಿನೈದು ದಿನದಲ್ಲಿ ದುಡ್ಡು ಕೊಟ್ಟಿದ್ದರೆ. ಆಗಲೂ ನಿಮಗೆ 60 ಉಳಿಯುತ್ತೆ, ಬಾಟಲಿಯ ಬೆಲೆಯೂ ಕೆಡಲ್ಲ. ಇಳಿಸಿದ ಬೆಲೆ ಏರಿಸೋವಾಗ ಬೈಗುಳ ತಿನ್ನೋರು ನೀವೇ.

ಎಂಬಿಎ ಓದ್ತಿರೋ ಹುಡುಗ: ಸರ್ಫ್ ಮಾಡಿದ್ದೂ ಇದೇ ಅಲ್ವಾ ಅಕ್ಕ? ನಿರ್ಮಾ ಬಂದಾಗ ಬೆಲೆ ಇಳಿಸದೆ ಲಲಿತಾಜಿ ಜಾಹೀರಾತು ಹಾಕಿ ಗೆದ್ದರು.

ಚಳ್ಳಕೆರೆಯಿಂದ: ಅರ್ಧ ನಿಜ ತಮ್ಮಾ. ಅರ್ಧ ಕೆಜಿ ಸರ್ಫ್ ಒಂದು ಕೆಜಿ ಅಗ್ಗದ ಪೌಡರಿಗೆ ಸಮ ಅನ್ನೋದು ಲಲಿತಾಜಿಯ ವಾದ. ಕೆಜಿ ಲೆಕ್ಕ ಬಿಟ್ಟು ಬಟ್ಟೆ ಲೆಕ್ಕಕ್ಕೆ ಜನರನ್ನ ತಂದರು, ಸರ್ಫ್ ಹೆಸರು ಉಳಿಯಿತು. ಆದರೆ ನಿರ್ಮಾ ಬೆಳೆಯೋದು ನಿಲ್ಲಲಿಲ್ಲ. ಅದನ್ನ ಎದುರಿಸೋಕೆ ಸರ್ಫ್ ಕಂಪನಿ ವೀಲ್ ಅಂತ ಬೇರೆಯೇ ಹೆಸರು ತರಬೇಕಾಯಿತು. ಮುಂದೆ 2004ರಲ್ಲಿ ಎದುರಾಳಿಗಳ ಏರಿಯಲ್, ಟೈಡ್ ಬೆಲೆ ಇಳಿದಾಗ ಅದೇ ಕಂಪನಿ ಸರ್ಫ್ ಎಕ್ಸೆಲ್ ಬೆಲೆಯನ್ನೂ ಇಳಿಸಿತು. ಆ ವರ್ಷ ಲಾಭ ಕುಸಿಯಿತು. ಅವರಿಗೆ ತಡ್ಕೊಳ್ಳೋ ಶಕ್ತಿ ಇತ್ತು, ಒಂದು ಗಾಣದವರಿಗೆ ಎಲ್ಲಿ ಬರಬೇಕು?

ದಾವಣಗೆರೆಯ ಗಾಣದವರು: ಎಲ್ಲರಿಗೂ ಥ್ಯಾಂಕ್ಸ್. ಗಾಣ ಒಂದೇ. ಅವರ ಬಾಟಲಿ ತಂದೆ. ಬ್ಲೆಂಡೆಡ್ ಅಂತ ಇಲ್ಲ, ಗಾಣ ಅಂತಲೂ ಇಲ್ಲ. ನಿವ್ವಳ 850 ಗ್ರಾಂ! ನಮ್ಮದು ತುಂಬಾ ಒಂದು ಲೀಟರ್, ತೂಕಕ್ಕೆ ಹಾಕಿದರೆ 910 ಗ್ರಾಂ. ಆ ಲೆಕ್ಕಕ್ಕೆ ಅವರ 255 ಅಂದರೆ 273 ಆಯಿತು.

ಕಿರಾಣಿ ಅಂಗಡಿ, ಪಿ.ಜೆ. ಬಡಾವಣೆ: ಇದು ನಾನೂ ನೋಡಿರಲಿಲ್ಲ. ಎರಡೂ ಬಾಟಲಿ ಒಂದೇ ಎತ್ತರ ಇದೆಯಲ್ರೀ.

ಚಳ್ಳಕೆರೆಯಿಂದ: ಹಾಗಾದರೆ ನಿಮ್ಮ ಲೇಬಲ್ ಮೇಲೆ "1 ಲೀಟರ್, 910 ಗ್ರಾಂ" ಅಂತ ದಪ್ಪಕ್ಷರದಲ್ಲಿ ಹಾಕಿ, ಅರೆದ ತಾರೀಖು ಹಾಕಿ. ಕೊಲೆಸ್ಟ್ರಾಲ್ ಇಲ್ಲ ಅನ್ನೋದೆಲ್ಲ ಬೇಡ, ಅದು ಯಾವ ಶೇಂಗಾ ಎಣ್ಣೆಯಲ್ಲೂ ಇಲ್ಲ. ವಾರಕ್ಕೊಂದು ದಿನ ಜನ ತಾವೇ ಶೇಂಗಾ ತಂದು ಕಣ್ಣೆದುರೇ ಅರೆಸ್ಕೊಂಡು ಹೋಗಲಿ. ಅದನ್ನ ಆ ಹೊಸಬರು ಮಾಡೋಕಾಗಲ್ಲ. ಮನೆಗೆ ಒಯ್ಯೋರ ಫೋನ್ ನಂಬರ್ ಬರೆದಿಡಿ. ತಿಂಗಳಿಗೊಮ್ಮೆ ಬರ್ತಿದ್ದವರು ಎರಡು ತಿಂಗಳು ಬರದಿದ್ದರೆ ಫೋನ್ ಮಾಡಿ ಕೇಳಿ. ಹೋಟೆಲಿನವರು ಹೋದರೆ ಬಿಡಿ, ಮನೆಯವರು ಹೋಗೋಕೆ ಶುರು ಮಾಡಿದರೆ ಆಗ ಲೆಕ್ಕ ಬೇರೆ.

ಡಿಸ್ಟ್ರಿಬ್ಯೂಟರ್, ಹರಿಹರ: ಗಾಣ ಒಂದೇ ಅಂದರೆ ನನ್ನ ಮಾತು ವಾಪಸ್. ಆದರೂ ವೀಲ್ ಥರ ಎಕ್ಸ್‌ಪೆಲ್ಲರ್ ಎಣ್ಣೆ ಹೊರಗಿಂದ ತರಿಸಿ, ಬೇರೆ ಹೆಸರಲ್ಲಿ 250ಕ್ಕೆ ಬಿಡಿ. ಹೋಟೆಲ್‌ಗಳನ್ನ ಯಾಕೆ ಬಿಟ್ಟುಕೊಡಬೇಕು?

ಚಳ್ಳಕೆರೆಯಿಂದ: ಊರು ದೊಡ್ಡದಿದ್ದರೆ ಸರಿ. ಇಲ್ಲಿ ಅದೇ ಗಾಡಿ, ಅದೇ ಹುಡುಗ, ಅದೇ ಅಂಗಡಿ. ಇವರದೇ ಅಗ್ಗದ ಮಾಲು ಅಂತ ವಾರದಲ್ಲಿ ಗೊತ್ತಾಗುತ್ತೆ.

ಡಿಸ್ಟ್ರಿಬ್ಯೂಟರ್, ಹರಿಹರ: ಗಾಡಿ ನಂದು ಕಳಿಸ್ತೀನಿ ಬಿಡಿ ಅಕ್ಕ. ಗಾಣದವರೇ, ಟಿನ್ನಿಗೆ ನನಗೆ ಎಷ್ಟು ಕೊಡ್ತೀರಿ, ಅದನ್ನ ಮೊದಲು ಹೇಳಿ.