ಬಾಲ್ಕನಿಯಲ್ಲಿ ನೀರು ನಿಲ್ಲುತ್ತದೆ, ಕಿಂಡಿಯಿಂದ ವಾಸನೆ ಬರುತ್ತದೆ

ಹೂಕುಂಡ: ಬಾಲ್ಕನಿ 3 ಮೀಟರ್ ಉದ್ದವಿದೆ. ತೊಳೆದಾಗಲೆಲ್ಲ ಬಾಗಿಲ ಬಳಿಯ ಮೂಲೆಯಲ್ಲಿ ತಟ್ಟೆಯಗಲ ನೀರು ನಿಲ್ಲುತ್ತದೆ. ನೀರು ಹೋಗುವ ಕಿಂಡಿ ಎದುರು ತುದಿಯಲ್ಲಿದೆ. ಒಂದು ವಾರದಿಂದ ಅಲ್ಲಿಂದ ಚರಂಡಿ ವಾಸನೆ. ಕಟ್ಟಿಕೊಂಡಿರಬೇಕೆಂದು ಡ್ರೈನ್ ಕ್ಲೀನರ್ ಪುಡಿ ಸುರಿದೆ. ಪ್ರಯೋಜನವಾಗಲಿಲ್ಲ.

ಗಾರೆಕೈ: ಇಳಿಜಾರು ಸರಿಯಿಲ್ಲ, ಅಷ್ಟೇ. ಮೀಟರಿಗೆ 1 ಸೆಂಟಿಮೀಟರಾದರೂ ಇಳಿಯಬೇಕು. ತಗ್ಗಿರುವಲ್ಲಿ ಟೈಲ್ ಮೇಲೆಯೇ ಸಿಮೆಂಟ್ ಬಳಿಯಿರಿ, ವಾಸನೆಯೂ ಹೋಗುತ್ತದೆ.

ಮೂರನೇ ಮಹಡಿ: ನಮ್ಮಲ್ಲೂ ಹೀಗೆಯೇ. ವಾಷಿಂಗ್ ಮೆಷಿನ್ ನೀರು ಬಿಟ್ಟಾಗ ಕಿಂಡಿಯಿಂದ ನೊರೆ ಉಕ್ಕುತ್ತದೆ.

ನೀರುಗಂಟಿ: ಅದು ಬೇರೆ ಕಾಯಿಲೆ. ನಿಮ್ಮಲ್ಲಿ ಮುಂದಿನ ಪೈಪೇ ಕಟ್ಟಿರಬೇಕು. ಹೂಕುಂಡ ಅವರೇ, ಜಾಲರಿ ಎತ್ತಿ ಟಾರ್ಚ್ ಬಿಟ್ಟು ನೋಡಿ, ಒಳಗೆ ನೀರು ಹೊಳೆಯುತ್ತದೆಯೇ? ಪುಡಿ ಹಾಕಿದ್ದೀರಿ, ಕೈಗವಸು ಮರೆಯಬೇಡಿ.

ಹೂಕುಂಡ: ಜಾಲರಿಯ ಅಡಿಯಲ್ಲಿ ಕುಂಡದ ಮಣ್ಣು, ಒಣಗಿದ ಎಸಳುಗಳು. ಅದರ ಕೆಳಗೆ ನೀರು ನಿಲ್ಲಬೇಕಾದ ಬಾಗಿದ ಭಾಗ, ಅಂದರೆ ಟ್ರ್ಯಾಪ್, ಪೂರ್ತಿ ಒಣಗಿದೆ, ತಳದಲ್ಲಿ ಕೆಸರು ಬಿರುಕು ಬಿಟ್ಟಿದೆ. ನೆಲ ಒರೆಸುವ ಬಟ್ಟೆಯ ದಾರವೊಂದು ಒಳಗಿನ ತಿರುವಿನ ಅಂಚು ದಾಟಿ ಪೈಪಿನೊಳಕ್ಕೆ ಇಳಿಬಿದ್ದಿದೆ.

ನೀರುಗಂಟಿ: ಹಾಗಾದರೆ ವಾಸನೆಯ ಕಾರಣ ಸಿಕ್ಕಿತು. ಟ್ರ್ಯಾಪಿನಲ್ಲಿ ನಿಂತ ನೀರೇ ಚರಂಡಿಯ ಗಾಳಿಯನ್ನು ತಡೆಯುವ ಬಾಗಿಲು. ನಿಮ್ಮ ನೀರು ಮೂಲೆಯಲ್ಲೇ ಉಳಿಯುತ್ತದೆ, ಬಂದದ್ದನ್ನೂ ಮಣ್ಣು ತುಂಬಿದ ಜಾಲರಿ ತಡೆಯುತ್ತದೆ. ಟ್ರ್ಯಾಪಿಗೆ ಹೊಸ ನೀರು ಬೀಳುವುದೇ ಇಲ್ಲ. ಆ ದಾರವೂ ಸುಮ್ಮನಿರುವುದಿಲ್ಲ, ದೀಪದ ಬತ್ತಿ ಎಣ್ಣೆ ಹೀರುವಂತೆ ನೀರನ್ನು ಹನಿಹನಿಯಾಗಿ ಆಚೆಗೆ ದಾಟಿಸುತ್ತದೆ. ದಾರ, ಕೆಸರು ತೆಗೆದು ಅರ್ಧ ಬಕೆಟ್ ನೀರು ಹಾಕಿ. ಸರಾಗವಾಗಿ ಇಳಿದರೆ ಕಟ್ಟಿಲ್ಲವೆಂದೇ ಅರ್ಥ. ನೀರು ನಿಂತ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು ಮರುದಿನ ನೋಡಿ.

ಹೂಕುಂಡ: ಮೂರು ದಿನವಾಯಿತು, ನೀರು ಗೆರೆಯಲ್ಲೇ ಇದೆ, ವಾಸನೆ ಇಲ್ಲ. ಆದರೆ ಮೇಲಿನ ಮನೆಯವರು ಫ್ಲಶ್ ಮಾಡಿದಾಗ ಕಿಂಡಿ ಗುಳುಗುಳು ಎನ್ನುತ್ತದೆ.

ನೀರುಗಂಟಿ: ಆ ಸದ್ದಿನ ನಂತರ ಮಟ್ಟ ಕುಸಿದರೆ, ದೊಡ್ಡ ಪೈಪಿಗೆ ಗಾಳಿ ಸಾಲದೆ ನಿಮ್ಮ ಟ್ರ್ಯಾಪಿನ ನೀರನ್ನು ಎಳೆಯುತ್ತಿದೆ. ಅದು ಇಡೀ ಕಟ್ಟಡದ ಕೆಲಸ. ಕುಸಿಯದಿದ್ದರೆ ಸದ್ಯಕ್ಕೆ ಬಿಡಿ. ಊರಿಗೆ ಹೋಗುವಾಗ ಟ್ರ್ಯಾಪ್ ತುಂಬಿಸಿ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ, ಬೇಗ ಆರುವುದಿಲ್ಲ.

ಗಾರೆಕೈ: ಮೂಲೆಯ ನೀರಿಗೆ ನನ್ನ ಸಿಮೆಂಟೇ ಗತಿ.

ನೀರುಗಂಟಿ: ನುಣುಪು ಟೈಲಿನ ಮೇಲೆ ತೆಳ್ಳನೆಯ ಸಿಮೆಂಟ್ ಹಿಡಿಯುವುದಿಲ್ಲ, ಹಪ್ಪಳದಂತೆ ಎದ್ದು ಬರುತ್ತದೆ. ಟೈಲ್ ಕಿತ್ತು ಇಳಿಜಾರು ಕೊಟ್ಟು ಮತ್ತೆ ಹಾಕಬೇಕು.

ಗಾರೆಕೈ: ನಾನು ಬಳಿದದ್ದು ಎರಡು ವರ್ಷದಿಂದ ನಿಂತಿದೆ.

ಹೂಕುಂಡ: ಇದು ಬಾಡಿಗೆ ಮನೆ, ಟೈಲ್ ಕೀಳುವಂತಿಲ್ಲ. ಸದ್ಯಕ್ಕೆ ವೈಪರಿನಿಂದ ಮೂಲೆಯ ನೀರನ್ನು ಕಿಂಡಿಗೆ ತಳ್ಳುತ್ತಿದ್ದೇನೆ. ಟ್ರ್ಯಾಪೂ ತುಂಬುತ್ತಿದೆ.